ಪೀಣ್ಯದ ರೆಸ್ಯೂಮೆಗೆ ಜರ್ಮನ್ ರಿಪೇರಿ: ಐದು ಸಂಜೆಗಳ ಲೆಕ್ಕ

ನನ್ನ ಅಕ್ಕನ ಮಗ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ವಯಸ್ಸು ಇಪ್ಪತ್ತೆಂಟು. ಜರ್ಮನ್ ಭಾಷೆಯಲ್ಲಿ ಬಿ1, ಅಂದರೆ ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ಮೂರನೆಯದು, ಪಾಸಾಗಿದ್ದಾನೆ. ಎಂಟು ತಿಂಗಳಲ್ಲಿ ಜರ್ಮನಿಗೆ ನಲವತ್ತಕ್ಕೂ ಜಾಸ್ತಿ ಅರ್ಜಿ ಹಾಕಿದ್ದ. ಒಂಬತ್ತು ಕಡೆಯಿಂದ ‘ಆಗಲ್ಲ’ ಅಂತ ಉತ್ತರ ಬಂತು, ಉಳಿದವರು ಬಾಯೇ ಬಿಡಲಿಲ್ಲ. ಒಂದು ಶನಿವಾರ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ.

"ಮಾವ, ಇದರಲ್ಲಿ ಏನು ಎಡವಟ್ಟಾಗಿದೆ ಅಂತ ಒಂದ್ಸಲ ನೋಡಿ."

ನಾನು ಸ್ಟುಟ್‌ಗಾರ್ಟ್ ಹತ್ತಿರ ಆರು ವರ್ಷ ಕೆಲಸ ಮಾಡಿ ವಾಪಸ್ ಬಂದವನು. ಅಲ್ಲಿ ನಮ್ಮ ವಿಭಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಬಾಸ್ ಪಕ್ಕ ಕೂತು ಅರ್ಜಿ ನೋಡುವ ಕೆಲಸ ನನಗೂ ಬೀಳುತ್ತಿತ್ತು. ಹಾಗಾಗಿ ಅವನ ಫೈಲ್ ತೆರೆದ ಕೂಡಲೇ ಅರ್ಧ ವಿಷಯ ಕಣ್ಣಿಗೆ ಬಿತ್ತು. ಇನ್ನರ್ಧ ಕಾಣಲಿಲ್ಲ, ಅದಕ್ಕೆ ಬಿಚ್ಚಿಯೇ ನೋಡಬೇಕಾಯಿತು.

ಮೊದಲ ಸಂಜೆ: ಬಿಚ್ಚಿದ್ದು

ಮೂರು ಪುಟ. ಮೇಲೆ ‘ಕರಿಯರ್ ಆಬ್ಜೆಕ್ಟಿವ್’. ಅದರ ಕೆಳಗೆ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಅಂಕಗಳ ಟೇಬಲ್. ಆಮೇಲೆ ಸ್ಕಿಲ್ಸ್, ಒಂದೊಂದಕ್ಕೂ ಐದರಲ್ಲಿ ನಾಲ್ಕು ನಕ್ಷತ್ರ. ಕಾಲೇಜಿನ ಪ್ರಾಜೆಕ್ಟ್. ಎರಡನೇ ಪುಟದ ಅರ್ಧ ದಾಟಿದ ಮೇಲೆ ಕೆಲಸದ ಅನುಭವ. ಕೊನೆಯ ಪುಟದಲ್ಲಿ ತಂದೆ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಪಾಸ್‌ಪೋರ್ಟ್ ನಂಬರ್. ಎಲ್ಲದರ ಕೆಳಗೆ ನಮ್ಮೆಲ್ಲರ ಹಳೇ ಸ್ನೇಹಿತ ಡಿಕ್ಲರೇಶನ್: ಮೇಲಿನದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಅಂತ.

ಐದು ವರ್ಷ ಮೆಷಿನ್ ರಿಪೇರಿ ಮಾಡಿದ ಹುಡುಗ. ಆದರೆ ಓದುವವನಿಗೆ ಮೊದಲು ಸಿಗುವುದು ಅವನ ಹತ್ತನೇ ಕ್ಲಾಸಿನ ಗಣಿತದ ಅಂಕ!

ಇದು ಕಣ್ಣಿಗೆ ಕಂಡ ತಪ್ಪು. ಕಾಣದ ತಪ್ಪು ಟೆಂಪ್ಲೇಟಿನಲ್ಲಿತ್ತು. ಆನ್‌ಲೈನ್‌ನಿಂದ ಇಳಿಸಿಕೊಂಡ ಎರಡು ಕಾಲಂ ಬಣ್ಣದ ಟೆಂಪ್ಲೇಟ್ ಅದು. ಎಡಗಡೆ ನೀಲಿ ಪಟ್ಟಿಯಲ್ಲಿ ಇಸವಿಗಳು, ಬಲಗಡೆ ಕೆಲಸದ ವಿವರ. ನೋಡಲು ಚೆನ್ನಾಗಿಯೇ ಇತ್ತು. ಆದರೆ ದೊಡ್ಡ ಕಂಪನಿಗಳ ಪೋರ್ಟಲ್‌ಗಳು ಪಿಡಿಎಫ್‌ನಿಂದ ಅಕ್ಷರ ಎಳೆದು ತಮ್ಮ ಫಾರ್ಮ್ ತುಂಬಿಕೊಳ್ಳುತ್ತವೆ. ಅವುಗಳಿಗೆ ಹೇಗೆ ಕಾಣುತ್ತದೆ ಅಂತ ತಿಳಿಯಲು ಒಂದೇ ಸಾಲಿನ ಪರೀಕ್ಷೆ ಸಾಕು:

```
pdftotext cv.pdf out.txt
```

ಈ ಕಮಾಂಡ್ ಇಲ್ಲದಿದ್ದರೂ ಪರವಾಗಿಲ್ಲ. ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಅಂಟಿಸಿದರೂ ಹೆಚ್ಚುಕಡಿಮೆ ಇದೇ ಸಿಗುತ್ತದೆ. ಅವನದು ಹೀಗೆ ಬಂತು:

```
2022 - Present
2020 - 2021
2015 - 2019
SKILLS
Maintenance Engineer
Junior Engineer
B.E. Mechanical
```

ಇಸವಿಗಳೆಲ್ಲ ಒಂದು ಕಡೆ ಗುಂಪು, ಹುದ್ದೆಗಳೆಲ್ಲ ಇನ್ನೊಂದು ಕಡೆ ಗುಂಪು. ಮಧ್ಯದಲ್ಲಿ ಸ್ಕಿಲ್ಸ್ ಬಂದು ಕೂತಿದೆ. ಯಾವ ಇಸವಿ ಯಾವ ಕೆಲಸದ್ದು ಅಂತ ಪೋರ್ಟಲ್ ಹೇಗೆ ತಿಳಿಯಬೇಕು? "ಹೌದು ಮಾವ, ಎಷ್ಟೋ ಪೋರ್ಟಲ್‌ಗಳಲ್ಲಿ ಫಾರ್ಮ್ ತಾನಾಗೇ ತಪ್ಪು ತುಂಬಿಕೊಳ್ತಿತ್ತು, ಕೆಲವು ಕಡೆ ಸರಿ ಮಾಡಿದೆ, ಕೆಲವು ಕಡೆ ಸುಮ್ನೆ ಮುಂದೆ ಹೋದೆ" ಅಂದ. ಸುಮ್ನೆ ಮುಂದೆ ಹೋದ ಕಡೆ ಅವನ ಅರ್ಜಿಯನ್ನು ಮನುಷ್ಯರು ನೋಡಿದರೋ ಇಲ್ಲವೋ ಯಾರಿಗೆ ಗೊತ್ತು.

ಆ ರಾತ್ರಿಯೇ ಟೆಂಪ್ಲೇಟ್ ಬಿಸಾಕಿದೆವು. ಖಾಲಿ ಡಾಕ್ಯುಮೆಂಟ್, ಒಂದೇ ಕಾಲಂ, ಸಾದಾ ಫಾಂಟ್. ಜರ್ಮನ್ನರಿಗೆ ಎಡಗಡೆ ತಾರೀಖು, ಬಲಗಡೆ ವಿವರ ಇರುವ ಕೋಷ್ಟಕದ ರೂಪವೇ ರೂಢಿ. ಅವರ ‘ಲೇಬೆನ್ಸ್‌ಲೌಫ್’ ಅಂದರೆ ಅದೇ. ಅದನ್ನು ಟೆಕ್ಸ್ಟ್ ಬಾಕ್ಸ್ ಹಾಕಿ ಮಾಡಬೇಕಿಲ್ಲ. ತಾರೀಖು ಬರೆದು, ಟ್ಯಾಬ್ ಒತ್ತಿ, ಅದೇ ಸಾಲಿನಲ್ಲಿ ಹುದ್ದೆ ಬರೆದರೆ ಕಣ್ಣಿಗೆ ಕೋಷ್ಟಕ, ಯಂತ್ರಕ್ಕೆ ಒಂದೇ ಸಾಲು.

ಎರಡನೇ ಸಂಜೆ: ಹೆಸರು ಮತ್ತು ಮನೆ ವಿಷಯ

ಮರುದಿನ ಭಾನುವಾರ. ಅಕ್ಕನೂ ಬಂದಿದ್ದಳು. ನಾನು ಕೊನೆಯ ಪುಟದಿಂದ ಶುರು ಮಾಡಿ ಒಂದೊಂದೇ ಸಾಲು ಅಳಿಸುತ್ತಾ ಹೋದೆ. ಧರ್ಮ ಹೋಯಿತು. ಮದುವೆ ಹೋಯಿತು. ಪಾಸ್‌ಪೋರ್ಟ್ ನಂಬರ್ ಹೋಯಿತು. ಅದನ್ನು ಕಂಡ ಕಂಡವರಿಗೆ ಕಳಿಸುವುದೇ ಅಪಾಯ, ವೀಸಾ ಹೊತ್ತಿಗೆ ಕೇಳಿದರೆ ಕೊಟ್ಟರಾಯಿತು. ತಂದೆ ಹೆಸರು ಅಳಿಸುವಾಗ ಅಕ್ಕ ತಡೆದಳು.

"ಅಪ್ಪನ ಹೆಸರೂ ಬೇಡವಾ ಅವರಿಗೆ?"

"ಬೇಡ ಅಕ್ಕ. ಅಲ್ಲಿ ಯಾರೂ ಬರೆಯಲ್ಲ."

"ಮತ್ತೆ ಯಾರ ಮಗ ಅಂತ ಹೇಗೆ ಗೊತ್ತಾಗುತ್ತೆ?"

ಉತ್ತರ ಹೇಳಲು ಹೋಗಲಿಲ್ಲ. ಬಾವನ ಹೆಸರು ಬೇರೆ ದಾರಿಯಿಂದ ವಾಪಸ್ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ಧರ್ಮದ ಬಗ್ಗೆ ಒಂದು ತಮಾಷೆ. ಜರ್ಮನಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಧರ್ಮ ಕೇಳುತ್ತಾರೆ. ಕೆಲವು ಚರ್ಚ್‌ಗಳ ಸದಸ್ಯರ ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯಬೇಕು, ಅದಕ್ಕೆ. ಕೆಲಸ ಕೊಡುವ ಮುಂಚೆ ಅವರಿಗೆ ಅದು ಬೇಡ.

ಉಳಿಸಿಕೊಂಡಿದ್ದು ಇಷ್ಟು: ಹೆಸರು, ಊರು, +91 ಸೇರಿಸಿದ ಫೋನ್ ನಂಬರ್, ಇಮೇಲ್, ಹುಟ್ಟಿದ ದಿನ ಮತ್ತು ಊರು, ರಾಷ್ಟ್ರೀಯತೆ. ಹುಟ್ಟಿದ ದಿನ ಕಡ್ಡಾಯವಲ್ಲ. ಆದರೆ ಜರ್ಮನಿಯಲ್ಲಿ ಇನ್ನೂ ಎಷ್ಟೋ ಜನ ಬರೆಯುತ್ತಾರೆ, ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಫೋಟೋ ಕಥೆಯೂ ಹಾಗೇ. 2006ರಲ್ಲಿ ಅಲ್ಲಿ ಸಮಾನ ನಡವಳಿಕೆಯ ಕಾನೂನು ಬಂದ ಮೇಲೆ ಕಂಪನಿಗಳು ‘ಫೋಟೋ ಹಾಕಲೇಬೇಕು’ ಅನ್ನುವುದು ನಿಂತಿತು. ಹಾಕುವ ಅಭ್ಯಾಸ ಮಾತ್ರ ಪೂರ್ತಿ ಹೋಗಿಲ್ಲ. ನಾನು ನೋಡಿದ ಅರ್ಜಿಗಳಲ್ಲಿ ಎರಡೂ ಥರ ಇದ್ದವು. ಅವನು ಹಾಕಿದ್ದದ್ದು ಪಾಸ್‌ಪೋರ್ಟಿಗೆ ತೆಗೆಸಿದ ಫೋಟೋ, ಯಾರೋ ಬೈದಂತೆ ಮುಖ. ಹಾಕುವುದಾದರೆ ಸರಿಯಾದದ್ದು ಹಾಕು, ಇಲ್ಲದಿದ್ದರೆ ಬಿಡು ಅಂದೆ. ಕಾಲರ್ ಇರುವ ಶರ್ಟ್ ಹಾಕಿಸಿ, ಕಿಟಕಿ ಬೆಳಕಿನಲ್ಲಿ ನಿಲ್ಲಿಸಿ, ಗೋಡೆ ಹಿಂದೆ ಬರುವಂತೆ ನಾನೇ ತೆಗೆದೆ. ಐವತ್ತು-ನೂರು ಜನರ ಕುಟುಂಬದ ಕಂಪನಿಗಳಿಗೆ ಫೋಟೋ ಇರುವ ಪ್ರತಿ, ದೊಡ್ಡ ಪೋರ್ಟಲ್‌ಗಳಿಗೆ ಇಲ್ಲದ ಪ್ರತಿ ಅಂತ ತೀರ್ಮಾನ ಮಾಡಿದೆವು. ಇದು ನನ್ನ ಅಂದಾಜು ಅಷ್ಟೇ, ನಿಯಮ ಅಲ್ಲ.

ಈಗ ಹೆಸರು. ಇದೇ ನಮಗೆ ಜಾಸ್ತಿ ಹೊತ್ತು ಹಿಡಿದದ್ದು.

ನಮ್ಮ ಕಡೆಯ ಎಷ್ಟೋ ಜನರಂತೆ ಅವನಿಗೂ ಮನೆತನದ ಹೆಸರಿಲ್ಲ. ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು, ಆಮೇಲೆ ಅವನ ಹೆಸರು. ರೆಸ್ಯೂಮೆಯಲ್ಲಿ ಹಾಗೇ ಇತ್ತು. ಬಿಇ ಸರ್ಟಿಫಿಕೇಟಿನಲ್ಲಿ ಇನಿಷಿಯಲ್‌ಗಳು ಹೆಸರಿನ ಹಿಂದೆ. ಪಾಸ್‌ಪೋರ್ಟಿನಲ್ಲಿ ಅವನ ಹೆಸರು ‘ಗಿವನ್ ನೇಮ್’, ಅಪ್ಪನ ಪೂರ್ತಿ ಹೆಸರು ‘ಸರ್‌ನೇಮ್’. ಬಿ1 ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟಿನಂತೆ. ಅಂದರೆ ನಾಲ್ಕು ಕಾಗದದಲ್ಲಿ ಮೂರು ಥರದ ಹೆಸರು. ಇಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಕೂತವನಿಗೆ ಇವೆಲ್ಲ ಒಬ್ಬನದೇ ಕಾಗದ ಅಂತ ಹೇಗೆ ಗೊತ್ತಾಗಬೇಕು? ಬರೀ ಇನಿಷಿಯಲ್ ನೋಡಿದರೆ ಯಾವುದು ಕರೆಯುವ ಹೆಸರು, ಯಾವುದು ಮನೆತನದ್ದು ಅಂತಲೂ ತಿಳಿಯುವುದಿಲ್ಲ. ನನಗೇ ಒಂದು ವರ್ಷ ಆಫೀಸಿನಲ್ಲಿ ಊರ ಹೆಸರು ಹಿಡಿದು ‘ಮಿಸ್ಟರ್’ ಸೇರಿಸಿ ಕರೆಯುತ್ತಿದ್ದರು.

ರಿಪೇರಿ ಸರಳ. ಪಾಸ್‌ಪೋರ್ಟೇ ಅಳತೆಗೋಲು. ರೆಸ್ಯೂಮೆ, ಪೋರ್ಟಲ್, ಇಮೇಲ್ ಎಲ್ಲ ಕಡೆ ಅದರಲ್ಲಿರುವಂತೆಯೇ, ಅದೇ ಸ್ಪೆಲಿಂಗ್. ಡಿಗ್ರಿಯ ಸಾಲಿನ ಕೆಳಗೆ ಸಣ್ಣದಾಗಿ ‘ಸರ್ಟಿಫಿಕೇಟಿನಲ್ಲಿ ಹೆಸರು ಹೀಗಿದೆ’ ಅಂತ ಒಂದು ಸಾಲು. ಹೀಗೆ ಬಾವನ ಹೆಸರು ಪುಟದ ಕೊನೆಯಿಂದ ಹೋಗಿ ಪುಟದ ತಲೆಗೆ ಬಂತು, ಅದೂ ದಪ್ಪ ಅಕ್ಷರದಲ್ಲಿ. ಅಕ್ಕನಿಗೆ ಸಮಾಧಾನ.

ಮೂರನೇ ಸಂಜೆ: ಕ್ರಮ, ತಿಂಗಳು, ಅಂಕ

ಬುಧವಾರ ರಾತ್ರಿ ಅವನು ಶಿಫ್ಟ್ ಮುಗಿಸಿ ಬಂದ. ಹೊಸ ಕ್ರಮವನ್ನು ಮೊದಲು ಬರೀ ತಲೆಬರಹಗಳಲ್ಲಿ ಬರೆದುಕೊಂಡೆವು:

```
Persönliche Daten
Berufserfahrung
Studium
Weiterbildung
Sprachen
IT-Kenntnisse
Ort, Datum, Unterschrift
```

ಮೊದಲು ಸ್ವಂತ ವಿವರ, ತಕ್ಷಣ ಕೆಲಸ, ಆಮೇಲೆ ಓದು. ಪ್ರತಿ ಭಾಗದಲ್ಲೂ ಹೊಸದು ಮೇಲೆ, ಹಳೆಯದು ಕೆಳಗೆ. ಆಬ್ಜೆಕ್ಟಿವ್‌ಗೆ ಜಾಗ ಇಲ್ಲ. ಯಾಕೆ ಈ ಕೆಲಸ ಬೇಕು ಅನ್ನುವುದು ಜೊತೆಗೆ ಹೋಗುವ ಪತ್ರದ ಪಾಲು. ಎಸ್ಸೆಸ್ಸೆಲ್ಸಿ ಹೋಯಿತು, ಪಿಯುಸಿಗೆ ಒಂದು ಸಾಲು. ಕಾಲೇಜು ಪ್ರಾಜೆಕ್ಟ್ ಐದು ವರ್ಷದ ಹಿಂದಿನದು, ಅದೂ ಹೋಯಿತು. ಅವನಿಗೆ ಸ್ವಲ್ಪ ಬೇಜಾರಾಯಿತು, ಆ ಪ್ರಾಜೆಕ್ಟಿಗೆ ಬಹುಮಾನ ಬಂದಿತ್ತಂತೆ.

ಕೊನೆಯ ಸಾಲು ನೋಡಿದಿರಲ್ವಾ? ಊರು, ತಾರೀಖು, ಸಹಿ. ನಮ್ಮ ಡಿಕ್ಲರೇಶನ್ ಕೆಳಗೆ ಇರುವುದೂ ಅದೇ. ಸತ್ಯಪ್ರಮಾಣದ ವಾಕ್ಯ ಅಲ್ಲಿ ವಿಚಿತ್ರವಾಗಿ ಕಾಣುತ್ತದೆ, ಆದರೆ ಸಹಿ ಹಳೆಯ ರೂಢಿ. ಈಗ ಬಿಡುವವರೂ ಇದ್ದಾರೆ. ನಾವು ವಾಕ್ಯ ಕಿತ್ತು ಸಹಿ ಇಟ್ಟುಕೊಂಡೆವು.

ಆಮೇಲೆ ತಿಂಗಳು. ಅವನು ಬರೀ ಇಸವಿ ಬರೆದಿದ್ದ: 2020ರಿಂದ 2021. ಇದು ಎರಡು ವರ್ಷವೂ ಆಗಬಹುದು, ಡಿಸೆಂಬರ್‌ನಿಂದ ಜನವರಿವರೆಗೆ ಎರಡು ತಿಂಗಳೂ ಆಗಬಹುದು. ಜರ್ಮನ್ ಕಣ್ಣಿಗೆ ಇಸವಿ ಮಾತ್ರ ಕಂಡರೆ ‘ಏನೋ ಮುಚ್ಚಿಡುತ್ತಿದ್ದಾನೆ’ ಅನ್ನಿಸುತ್ತದೆ. ನನ್ನ ಬಾಸ್ ಪೆನ್ಸಿಲ್ ಹಿಡಿದು ತಿಂಗಳು ಎಣಿಸುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ತಿಂಗಳು ಹಾಕಿದಾಗ ಅವನ ಗುಟ್ಟು ಹೊರಗೆ ಬಂತು: ಓದು ಮುಗಿದದ್ದು 06/2019, ಮೊದಲ ಕೆಲಸ ಸೇರಿದ್ದು 02/2020. ಮಧ್ಯೆ ಏಳು ತಿಂಗಳು ಖಾಲಿ.

"ಆಗ ಏನು ಮಾಡ್ತಿದ್ದೆ?"

"ಗೇಟ್‌ಗೆ ಓದ್ತಿದ್ದೆ. ರ‍್ಯಾಂಕ್ ಬರಲಿಲ್ಲ. ಅದಕ್ಕೇ ಹಾಕಿಲ್ಲ."

ರ‍್ಯಾಂಕ್ ಬಂತೋ ಇಲ್ಲವೋ ಯಾರೂ ಕೇಳುವುದಿಲ್ಲ. ಆ ಏಳು ತಿಂಗಳು ಎಲ್ಲಿದ್ದೆ ಅಂತ ಮಾತ್ರ ಕೇಳುತ್ತಾರೆ. ಎರಡು-ಮೂರು ತಿಂಗಳು ಮೀರಿದ ಬಿಡುವಿಗೆ ಒಂದು ಸಾಲು ಹೆಸರು ಕೊಡುವುದು ಒಳ್ಳೆಯದು. ‘07/2019 – 01/2020: ಎಂ.ಟೆಕ್ ಪ್ರವೇಶ ಪರೀಕ್ಷೆಗೆ ತಯಾರಿ’ ಅಂತ ಜರ್ಮನ್‌ನಲ್ಲಿ ಬರೆದೆವು. ಗೇಟ್ ಅಂತ ಮಾತ್ರ ಬರೆದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಡಿಗ್ರಿಯ ಸಾಲಲ್ಲಿ ಮೂರು ರಿಪೇರಿ. ಮೊದಲನೆಯದು, ಅವನು ದೊಡ್ಡದಾಗಿ ಕಾಲೇಜಿನ ಹೆಸರು ಹಾಕಿ, ವಿಟಿಯು ಅಂತ ಎಲ್ಲೂ ಬರೆದಿರಲಿಲ್ಲ. ಜರ್ಮನಿಯಲ್ಲಿ ಹೊರದೇಶದ ಡಿಗ್ರಿಗಳನ್ನು ನೋಡುವುದು ಅನಾಬಿನ್ ಅನ್ನುವ ಸಾರ್ವಜನಿಕ ದತ್ತಾಂಶದಲ್ಲಿ, ವಿಳಾಸ `anabin.kmk.org`. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ, ಹಾಗಾಗಿ ಹುಡುಕಬೇಕಾದ್ದು ಅದರ ಹೆಸರನ್ನು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ ಅಂತ ಹುಡುಕಿದರೆ ಪಕ್ಕದಲ್ಲಿ `H+` ಅಂತ ಇದೆ, ಅಂದರೆ ಅದನ್ನು ಉನ್ನತ ಶಿಕ್ಷಣ ಸಂಸ್ಥೆಯಾಗಿ ಒಪ್ಪುತ್ತಾರೆ. ಹಾಗಾಗಿ ಸಾಲಿನಲ್ಲಿ ವಿಶ್ವವಿದ್ಯಾಲಯ ಮೊದಲು, ಕಾಲೇಜು ಆಮೇಲೆ. `anabin: H+` ಅಂತಲೂ ಸೇರಿಸಿದೆವು. ಓದುವವನಿಗೆ ಒಂದು ಹುಡುಕಾಟ ತಪ್ಪಿತು.

ಎರಡನೆಯದು ಅಂಕ. ಅವನ ಸಿಜಿಪಿಎ 7.8. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಕಷ್ಟಪಟ್ಟು ಪಾಸ್. ಬರೀ 7.8 ಅಂತ ಬರೆದರೆ ಅವರ ಲೆಕ್ಕದಲ್ಲಿ ಅದಕ್ಕೆ ಅರ್ಥವೇ ಇಲ್ಲ. ಅದನ್ನು ಅವರ ಅಳತೆಗೆ ತರಲು ಬವೇರಿಯನ್ ಸೂತ್ರ ಅಂತ ಒಂದಿದೆ. ಅದಕ್ಕೆ ಗರಿಷ್ಠ ಅಂಕದ ಜೊತೆ ಪಾಸಾಗಲು ಬೇಕಾದ ಕನಿಷ್ಠ ಅಂಕವೂ ಬೇಕು, ಕನಿಷ್ಠವನ್ನು ತಪ್ಪು ಹಿಡಿದರೆ ಉತ್ತರವೂ ತಪ್ಪು. ನಾವೇ ಲೆಕ್ಕ ಹಾಕಿ ಇಲ್ಲದ ನಂಬರ್ ಬರೆಯುವುದು ಬೇಡ ಅಂತ `7,8 von 10` ಅಂತ ಬಿಟ್ಟೆವು. ಹತ್ತಕ್ಕೆ ಏಳು ಪಾಯಿಂಟ್ ಎಂಟು. ದಶಾಂಶಕ್ಕೆ ಅಲ್ಲಿ ಚುಕ್ಕಿ ಅಲ್ಲ, ಅಲ್ಪವಿರಾಮ.

ಮೂರನೆಯದು ಸೂಕ್ಷ್ಮ. ಅವನು ಹೆಸರಿನ ಕೆಳಗೆ ಜರ್ಮನ್‌ನಲ್ಲಿ ‘ಇಂಜೆನಿಯರ್’ ಅಂತ ಹಾಕಿಕೊಂಡಿದ್ದ. ಆ ಪದವಿನಾಮಕ್ಕೆ ಅಲ್ಲಿ ರಾಜ್ಯಗಳ ಕಾನೂನಿನ ರಕ್ಷಣೆ ಇದೆ, ಹೊರಗೆ ಓದಿದವರು ಅನುಮತಿ ಪಡೆದೇ ಬಳಸಬೇಕು. ಕಂಪನಿಯಲ್ಲಿ ಎಂಜಿನಿಯರ್ ಕೆಲಸ ಮಾಡಲು ಅಡ್ಡಿಯಿಲ್ಲ, ಹೆಸರಿಗೆ ಅಂಟಿಸಿಕೊಳ್ಳುವಂತಿಲ್ಲ. ಅದನ್ನು ತೆಗೆದು `Bachelor of Engineering (B.E.)` ಅಂತ ಸರ್ಟಿಫಿಕೇಟಿನಲ್ಲಿ ಇದ್ದಂತೆ ಬರೆದೆವು.

ನಾಲ್ಕನೇ ಸಂಜೆ: ಕ್ರಿಯಾಪದ

ಮತ್ತೆ ಶನಿವಾರ. ಇವತ್ತು ಅನುಭವದ ಭಾಗ. ಅವನು ಬರೆದಿದ್ದ ಮೊದಲ ಸಾಲು:

```
Responsible for maintenance of CNC machines.
```

ಜವಾಬ್ದಾರಿ ಇತ್ತು, ಸರಿ. ಏನು ಮಾಡಿದ? ಈ ಸಾಲು ಪೀಣ್ಯದ ಯಾವ ಮೇಂಟೆನೆನ್ಸ್ ಹುಡುಗನಿಗಾದರೂ ಹೊಂದುತ್ತದೆ. ಎರಡನೇ ಸಾಲಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ: `Spearheaded a team`. ಯಾರೋ ಗೆಳೆಯ ‘ಪವರ್‌ಫುಲ್ ವರ್ಬ್ ಹಾಕು’ ಅಂದಿದ್ದನಂತೆ.

ಲ್ಯಾಪ್‌ಟಾಪ್ ಮುಚ್ಚಿಸಿ, ಸುಮ್ನೆ ಮಾತಾಡಿಸಿದೆ.

"ಎಷ್ಟು ಮೆಷಿನ್?"

"ಹದಿನಾಲ್ಕು. ಒಂಬತ್ತು ಲೇತ್, ಐದು ವಿಎಂಸಿ."

"ಕಂಟ್ರೋಲರ್ ಯಾವುದು?"

"ಜಾಸ್ತಿ ಫ್ಯಾನುಕ್. ಮೂರಕ್ಕೆ ಸೀಮೆನ್ಸ್."

ಇದನ್ನು ರೆಸ್ಯೂಮೆಯಲ್ಲಿ ಯಾಕೆ ಹಾಕಿಲ್ಲ ಅಂದರೆ, "ಅದು ಎಲ್ಲರಿಗೂ ಗೊತ್ತಿರುತ್ತಲ್ವಾ ಮಾವ" ಅಂದ. ಅಲ್ಲಿ ಅವನನ್ನು ತೆಗೆದುಕೊಳ್ಳುವ ಮೇಂಟೆನೆನ್ಸ್ ಹೆಡ್ ಹುಡುಕುವುದೇ ಆ ಎರಡು ಪದ.

"ನೀನು ಸೇರಿದ ಮೇಲೆ ಏನು ಬದಲಾಯಿತು?"

ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಶುರುವಾಯಿತು ನೋಡಿ. ಸ್ಲೈಡ್‌ವೇಗಳಿಗೆ ಎಣ್ಣೆ ಕಳಿಸುವ ಲ್ಯೂಬ್ ಯೂನಿಟ್‌ನ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತಂತೆ. ಆಪರೇಟರ್‌ಗಳು ಅಲಾರ್ಮ್ ಬಂದರೆ ರೀಸೆಟ್ ಒತ್ತಿ ಓಡಿಸುತ್ತಿದ್ದರು. ಎಣ್ಣೆ ಹೋಗದೆ ಆಕ್ಸಿಸ್ ಬಿಗಿಯಾಗಿ, ಸರ್ವೋ ಓವರ್‌ಲೋಡ್ ಆಗಿ ಮೆಷಿನ್ ನಿಲ್ಲುತ್ತಿತ್ತು. ಇವನು ಪ್ರತಿ ಶನಿವಾರ ಶಿಫ್ಟ್ ಮುಗಿಯುವ ಮುಂಚೆ ಹದಿನಾಲ್ಕೂ ಮೆಷಿನ್‌ನ ಎಣ್ಣೆ ಮಟ್ಟ, ಫಿಲ್ಟರ್, ಎಣ್ಣೆ ತುದಿವರೆಗೆ ಬರುತ್ತಿದೆಯಾ ಅಂತ ನೋಡುವ ಒಂದು ಹಾಳೆ ಮಾಡಿದ. ಬ್ರೇಕ್‌ಡೌನ್ ರಿಜಿಸ್ಟರ್‌ನ ಲೆಕ್ಕ ಅವನ ಹತ್ತಿರ ಇತ್ತು: 2023ರ ಮೊದಲ ಆರು ತಿಂಗಳು ಸರಾಸರಿ ತಿಂಗಳಿಗೆ 46 ಗಂಟೆ ನಿಂತಿತ್ತು, 2024ರ ಮೊದಲ ಆರು ತಿಂಗಳು 29 ಗಂಟೆ.

ಇಂಥದ್ದನ್ನು ಮಾಡಿದವನು ‘ರೆಸ್ಪಾನ್ಸಿಬಲ್ ಫಾರ್’ ಅಂತ ಬರೆದು ಕೂತಿದ್ದಾನೆ. ಸೋಮವಾರ ಮ್ಯಾನೇಜರ್ ಹತ್ತಿರ ಈ ಅಂಕಿ ಹೊರಗೆ ಹೇಳಬಹುದಾ ಅಂತ ಕೇಳು ಅಂದೆ. ಕಂಪನಿ ಲೆಕ್ಕ, ಕೇಳದೆ ಬರೆಯಬಾರದು. ಗಿರಾಕಿಗಳ ಹೆಸರು ಬರೆಯದಿದ್ದರೆ ಸಾಕು ಅಂದರಂತೆ. ಶೇಕಡಾ 37 ಇಳಿಕೆ ಅಂತ ಬರೆಯೋಣ ಅಂದ ಅವನು. ನಾನು ಬೇಡ ಅಂದೆ. ಶೇಕಡಾವಾರು ಕಂಡರೆ ‘ಯಾವುದರಲ್ಲಿ’ ಅಂತ ಕೇಳಬೇಕು. ಗಂಟೆ ಕಂಡರೆ ಮೇಂಟೆನೆನ್ಸ್‌ನವನಿಗೆ ಶಾಪ್ ಕಣ್ಣ ಮುಂದೆ ಬರುತ್ತದೆ.

ಇಂಗ್ಲಿಷ್‌ನಲ್ಲಿ ಬರೆದರೆ ಸಾಲು ಕ್ರಿಯಾಪದದಿಂದ ಶುರುವಾಗುತ್ತದೆ, ಭೂತಕಾಲದಲ್ಲಿ, ‘ನಾನು’ ಇಲ್ಲದೆ:

```
Cut breakdowns on 14 CNC machines from 46 to 29 hours
a month by starting a weekly lubrication check.
```

ಅವನು ಇದನ್ನೇ ಪದಕ್ಕೆ ಪದ ಜರ್ಮನ್‌ಗೆ ಹೊರಳಿಸಲು ಹೊರಟ. ಅಲ್ಲೇ ತಡೆದೆ. ಜರ್ಮನ್ ರೆಸ್ಯೂಮೆಯಲ್ಲಿ ಕ್ರಿಯಾಪದವನ್ನು ನಾಮಪದ ಮಾಡಿ ಮುಂದೆ ಕೂರಿಸುವುದು ರೂಢಿ. ನಮ್ಮ ಸರ್ಕಾರಿ ಕಡತದ ಭಾಷೆ ನೆನಪಿಸಿಕೊಳ್ಳಿ: ‘ಪರಿಶೀಲಿಸಿದೆ’ ಅನ್ನುವುದಿಲ್ಲ, ‘ಪರಿಶೀಲನೆ’ ಅನ್ನುತ್ತಾರೆ. ‘ನಿರ್ವಹಿಸಿದೆ’ ಅಲ್ಲ, ‘ನಿರ್ವಹಣೆ’. ಜರ್ಮನ್‌ನಲ್ಲಿ ಆ ಕೆಲಸವನ್ನು ಬಹಳ ಸಲ `-ung` ಮಾಡುತ್ತದೆ. ಕನ್ನಡದಲ್ಲಿ ಇದನ್ನು ಓದಿದರೆ ಆಕಳಿಕೆ ಬರುತ್ತದೆ, ಅಲ್ಲಿ ಇದೇ ಅಚ್ಚುಕಟ್ಟು.

```
Instandhaltung von 14 CNC-Maschinen
(9 Drehmaschinen, 5 Bearbeitungszentren; Fanuc, Siemens)
Senkung der Stillstandszeit von 46 auf 29 Std./Monat
durch wöchentliche Prüfung der Schmierung
Einarbeitung von 2 Auszubildenden
```

ಮೊದಲ ಸಾಲು ನಿರ್ವಹಣೆ, ಎರಡನೆಯದು ನಿಂತ ಸಮಯದ ಇಳಿಕೆ. ಮೂರನೆಯದೇ ಆ ‘ಸ್ಪಿಯರ್‌ಹೆಡೆಡ್’. ಕೆದಕಿದಾಗ ಆ ‘ಟೀಮ್’ ಅಂದರೆ ಐಟಿಐ ಮುಗಿಸಿ ಬಂದ ಇಬ್ಬರು ಅಪ್ರೆಂಟಿಸ್ ಅಂತ ಗೊತ್ತಾಯಿತು. ಅವರಿಗೆ ಇವನು ಕೆಲಸ ಕಲಿಸಿದ್ದ. ಕಲಿಸಿದ್ದು ನಿಜ, ಕಲಿಸುವುದಕ್ಕೆ ಜರ್ಮನ್‌ನಲ್ಲಿ ಸರಿಯಾದ ಪದವೂ ಇದೆ. ಮುನ್ನಡೆಸಿದೆ ಅಂತ ಬರೆದಿದ್ದರೆ ಮೊದಲ ಸಂದರ್ಶನದಲ್ಲೇ ‘ಎಷ್ಟು ಜನ? ರಜೆ ಕೊಡುವವರು ನೀವಾ?’ ಅಂತ ಕೇಳುತ್ತಿದ್ದರು. ನಾವೂ ಹಾಗೇ ಕೇಳುತ್ತಿದ್ದೆವು.

ಎಲ್ಲ ಸಾಲೂ ಒಂದೇ ಅಚ್ಚಿನಲ್ಲಿರಬೇಕು. ಮೊದಲ ಪ್ರತಿಯಲ್ಲಿ ಎರಡು ಸಾಲು ನಾಮಪದ, ಒಂದು ಸಾಲು ಕ್ರಿಯಾಪದ ಆಗಿಹೋಗಿತ್ತು. ಅವನ ಜರ್ಮನ್ ಮೇಷ್ಟ್ರು ಅದನ್ನು ಹಿಡಿದರು, ಜೊತೆಗೆ ಎರಡು ವಿಭಕ್ತಿ ತಪ್ಪನ್ನೂ. ಬಿ1 ಹುಡುಗನ ರೆಸ್ಯೂಮೆಯನ್ನು ಭಾಷೆ ಬಲ್ಲವರೊಬ್ಬರು ನೋಡಲೇಬೇಕು. ಆದರೆ ಮೇಷ್ಟ್ರು ಅದನ್ನು ಸಾಹಿತ್ಯ ಮಾಡದಂತೆಯೂ ನೋಡಿಕೊಳ್ಳಬೇಕು. ರೆಸ್ಯೂಮೆ ಸಿ1ನಂತೆ ಓದಿಸಿಕೊಂಡರೆ ಫೋನಿನಲ್ಲಿ ಬಿ1 ಬಾಯಿ ಬಿಟ್ಟಾಗ ಮುಜುಗರ. ಭಾಷೆಗಳ ಭಾಗದಲ್ಲಿ ನಕ್ಷತ್ರ ತೆಗೆದು ನೇರವಾಗಿ ಬರೆದೆವು: ಕನ್ನಡ ಮಾತೃಭಾಷೆ, ಇಂಗ್ಲಿಷ್ ಸಿ1, ಜರ್ಮನ್ ಬಿ1, ಪರೀಕ್ಷೆಯ ತಿಂಗಳು ಸಹಿತ. ಇಂಗ್ಲಿಷ್‌ಗೆ ಅವನ ಹತ್ತಿರ ಸರ್ಟಿಫಿಕೇಟ್ ಇಲ್ಲ, ಹಾಗಾಗಿ ‘ಸ್ವಂತ ಅಂದಾಜು’ ಅಂತ ಪಕ್ಕದಲ್ಲಿ ಹಾಕಿದೆವು.

ಐದನೇ ಸಂಜೆ: ಜೋಡಿಸಿ ಓಡಿಸಿದ್ದು

ಎರಡು ಪುಟಕ್ಕೆ ನಿಂತಿತು. ಮತ್ತೆ `pdftotext` ಓಡಿಸಿದೆವು. ಈ ಸಲ ಪ್ರತಿ ತಾರೀಖಿನ ಪಕ್ಕ ಅದರದೇ ಹುದ್ದೆ ಬಂತು. `ä`, `ö` ಅಕ್ಷರಗಳು ಒಡೆದಿಲ್ಲವಾ ಅಂತಲೂ ನೋಡಿದೆವು, ಸರಿಯಿದ್ದವು.

ನೋಟಿಸ್ ಪೀರಿಯಡ್ ತೊಂಬತ್ತು ದಿನ, ಅದನ್ನು ಮುಚ್ಚಿಡಬೇಕಾ ಅಂತ ಕೇಳಿದ. ಇಲ್ಲಿನ ಎಚ್ಆರ್‌ಗಳು ಅದಕ್ಕೆ ಮುಖ ಕಿವುಚುತ್ತಾರೆ, ನಿಜ. ಅಲ್ಲಿ ಮೂರು ತಿಂಗಳು ಸಾಮಾನ್ಯ. ಹೇಗೂ ವೀಸಾಕ್ಕೂ ಸಮಯ ಬೇಕು. ಪತ್ರದ ಕೊನೆಯಲ್ಲಿ ನೇರವಾಗಿ ಬರೆಸಿದೆ. ಡ್ರೈವಿಂಗ್ ಲೈಸೆನ್ಸ್ ಸಾಲಿನಲ್ಲಿ ‘ಭಾರತದ್ದು’ ಅಂತ ಸೇರಿಸಿದೆವು. ಅಲ್ಲಿ ನೆಲೆಸಿದ ಮೇಲೆ ಅದು ನಡೆಯುವುದು ಆರು ತಿಂಗಳು, ಆಮೇಲೆ ಅಲ್ಲಿನದು ಮಾಡಿಸಬೇಕು. ಗಿರಾಕಿಗಳ ಊರಿಗೆ ಕಾರಿನಲ್ಲಿ ಹೋಗಬೇಕಾದ ಕೆಲಸಕ್ಕೆ ಇದು ದೊಡ್ಡ ವಿಷಯ.

ಎಲ್ಲ ಮುಗಿಯಿತು ಅಂದುಕೊಂಡಾಗ ಅವನು ಐರ್ಲೆಂಡಿನ ಗಾಲ್ವೇಯ ಒಂದು ಜಾಹೀರಾತು ತೋರಿಸಿದ. ಅಲ್ಲಿ ವೈದ್ಯಕೀಯ ಉಪಕರಣ ಮಾಡುವ ಕಾರ್ಖಾನೆಗಳು ಜಾಸ್ತಿ, ಮೇಂಟೆನೆನ್ಸ್ ಕೆಲಸ ಇದೆ. "ಇದನ್ನೇ ಇಂಗ್ಲಿಷ್ ಮಾಡಿ ಕಳಿಸಲಾ?"

ಬೇಡ. ಅದಕ್ಕೆ ಅರ್ಧ ಗಂಟೆಯ ಇನ್ನೊಂದು ರಿಪೇರಿ. ಫೋಟೋ, ಹುಟ್ಟಿದ ದಿನ, ಹುಟ್ಟಿದ ಊರು, ಸಹಿ, ನಾಲ್ಕೂ ಹೋದವು. ಐರ್ಲೆಂಡಿನ 1998ರ ಉದ್ಯೋಗ ಸಮಾನತೆಯ ಕಾಯ್ದೆ ವಯಸ್ಸು, ಧರ್ಮ, ಕುಟುಂಬ ಸೇರಿ ಒಂಬತ್ತು ಕಾರಣಗಳಿಗೆ ತಾರತಮ್ಯ ಮಾಡಬಾರದು ಅನ್ನುತ್ತದೆ. ಅಲ್ಲಿ ಇವನ್ನೆಲ್ಲ ನೋಡಿದರೆ ಎಚ್ಆರ್‌ಗೇ ಇರಿಸುಮುರುಸು. ಜರ್ಮನ್ ಪ್ರತಿಯಲ್ಲಿ ಕಿತ್ತ ಆಬ್ಜೆಕ್ಟಿವ್ ಜಾಗಕ್ಕೆ ಇಲ್ಲಿ ಮೂರು ಸಾಲಿನ ಪರಿಚಯ ವಾಪಸ್ ಬಂತು. ಆದರೆ ‘ಒಳ್ಳೆಯ ಸಂಸ್ಥೆಯಲ್ಲಿ ಬೆಳೆಯುವ ಆಸೆ’ ಅಂತಲ್ಲ. ಐದು ವರ್ಷ, ಹದಿನಾಲ್ಕು ಮೆಷಿನ್, ಎರಡು ಕಂಟ್ರೋಲರ್, ಕೆಲಸದ ಪರ್ಮಿಟ್ ಬೇಕಾಗುತ್ತದೆ ಅನ್ನುವ ಒಂದು ಮಾತು. ನಾಮಪದಗಳು ಮತ್ತೆ ಕ್ರಿಯಾಪದ ಆದವು. `Maintain`, `Cut`, `Trained`. ಈಗಿನ ಕೆಲಸದಲ್ಲಿ ಇನ್ನೂ ಮಾಡುತ್ತಿರುವುದು ವರ್ತಮಾನಕಾಲದಲ್ಲಿ, ಮುಗಿಸಿದ್ದು ಭೂತಕಾಲದಲ್ಲಿ.

ಎರಡು ವಾರದಲ್ಲಿ ಹೊಸ ಪ್ರತಿಯಿಂದ ಹನ್ನೊಂದು ಅರ್ಜಿ ಹೋದವು. ಎರಡು ಕಡೆಯಿಂದ ಫೋನ್ ಬಂತು. ಒಂದು ಕಡೆ ಭಾಷೆ ಸಾಲದು, ಬಿ2 ಬೇಕು ಅಂದರು. ಅದನ್ನು ರೆಸ್ಯೂಮೆ ರಿಪೇರಿ ಮಾಡಲಾರದು. ಇನ್ನೊಂದು ಕಡೆ ವಿಡಿಯೋ ಸಂದರ್ಶನ. ಮೇಂಟೆನೆನ್ಸ್ ಹೆಡ್ ಕೇಳಿದ ಮೊದಲ ಪ್ರಶ್ನೆ, ಎಣ್ಣೆ ತುದಿವರೆಗೆ ಬರುತ್ತಿದೆ ಅಂತ ಕವರ್ ಬಿಚ್ಚದೆ ಹೇಗೆ ನೋಡ್ತಿದ್ರಿ ಅಂತ. ಇಪ್ಪತ್ತು ನಿಮಿಷ ಬರೀ ಅದೇ ಮಾತು ನಡೆಯಿತಂತೆ. ಉತ್ತರಕ್ಕೆ ಕಾಯುತ್ತಿದ್ದಾನೆ.

ನಿನ್ನೆ ಹನ್ನೆರಡನೇ ಅರ್ಜಿ ಕಳಿಸುವ ಮುಂಚೆ ನನಗೆ ತೋರಿಸಿದ. ಎಲ್ಲ ಸರಿ ಇತ್ತು. ಕೆಳಗೆ, ಸಹಿಯ ಪಕ್ಕ, ತಾರೀಖು ಮಾತ್ರ ಮೂರು ವಾರ ಹಳೆಯದು.

"ಅಯ್ಯೋ ಮಾವ," ಅಂದ, "ಹಿಂದಿನ ಐದಕ್ಕೂ ಹೀಗೇ ಹೋಗಿದೆ."